ವಾರಕ್ಕೊಂದು ಪ್ಯಾಕೆಟ್ ದಿನಕ್ಕೊಂದಾದಾಗ: ಹಿರಿಯರ ಸಂಘದಲ್ಲಿ ಕೇಳಿಬಂದ ವಿಟಮಿನ್ ಲೆಕ್ಕ

ಕಳೆದ ಭಾನುವಾರ ನಮ್ಮ ಪಟ್ಟಣದ ಹಿರಿಯ ನಾಗರಿಕರ ಸಂಘದಲ್ಲಿ ಡಯಟಿಷಿಯನ್ ಒಬ್ಬರ ಉಪನ್ಯಾಸ ಇತ್ತು. ಸಾಮಾನ್ಯವಾಗಿ ಅಲ್ಲಿ ಉಪನ್ಯಾಸ ಅಂದ್ರೆ ಅರ್ಧ ಜನ ಕಾಫಿ ಬರೋ ಹೊತ್ತಿಗೆ ಬಂದು, ವಂದನಾರ್ಪಣೆ ಮುಂಚೆ ಎದ್ದು ಹೋಗ್ತಾರೆ. ಈ ಸಲ ಹಾಗಾಗಲಿಲ್ಲ. ಆಮಂತ್ರಣದಲ್ಲೇ ಒಂದು ಸಾಲು ಸೇರಿಸಿದ್ದರು: ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ವಿಟಮಿನ್, ಕ್ಯಾಲ್ಸಿಯಂ, ಟಾನಿಕ್, ಶಕ್ತಿ ಪುಡಿ ಎಲ್ಲವನ್ನೂ ಒಂದು ಚೀಲದಲ್ಲಿ ತನ್ನಿ. ತಂದರು. ಉದ್ದನೆ ಟೇಬಲ್ ಮೇಲೆ ಸುರಿದಾಗ ಸಣ್ಣ ಮೆಡಿಕಲ್ ಶಾಪ್ ಥರಾನೇ ಕಂಡಿತು. ಅಮೆರಿಕದಿಂದ ಮಗ ತಂದುಕೊಟ್ಟ ದೊಡ್ಡ ಡಬ್ಬಿ, ಆನ್‌ಲೈನ್‌ನಲ್ಲಿ ತರಿಸಿದ ಗಮ್ಮಿ, ಪರಿಚಯದವರು ಸದಸ್ಯತ್ವದ ಲೆಕ್ಕದಲ್ಲಿ ಮಾರಿದ ಪ್ರೋಟೀನ್ ಪುಡಿ, ವೈದ್ಯರು ಬರೆದುಕೊಟ್ಟಿದ್ದು, ಬರೆದುಕೊಡದೇ ಇದ್ದಿದ್ದು, ಎಲ್ಲಾ ಒಟ್ಟಿಗೆ.

ಮೇಡಂ ಆ ರಾಶಿಯಿಂದ ಎತ್ತಿಕೊಂಡಿದ್ದು ಒಂದೇ ವಸ್ತು. ಬೆರಳುದ್ದದ ಪುಡಿ ಪ್ಯಾಕೆಟ್. ನಾವೆಲ್ಲ 'ಸ್ಯಾಶೆ' ಅಂತೀವಲ್ಲ, ಹಾಲಿಗೆ ಹಾಕಿಕೊಂಡು ಕುಡಿಯೋದು. ವಿಟಮಿನ್ ಡಿ3, 60,000 ಐಯು.

"ಇದು ಯಾರ ಮನೇಲಿದೆ, ಕೈ ಎತ್ತಿ" ಅಂದರು. ಮುಕ್ಕಾಲು ಪಾಲು ಕೈ ಮೇಲಕ್ಕೆ ಹೋಯಿತು.

"ಇದನ್ನ ದಿನಾ ತಗೊಳ್ಳೋರು?"

ನಾಲ್ಕು ಕೈ. ಸಭೆಯಲ್ಲಿ ಯಾರೂ ನಗಲಿಲ್ಲ. ಮೇಡಂ ಮುಖ ನೋಡಿಯೇ ಇದು ನಗೋ ವಿಷಯ ಅಲ್ಲ ಅಂತ ಗೊತ್ತಾಗಿತ್ತು.

ಈ ಲೇಖನ ಬರೆಯಲು ಕಾರಣ ಆ ನಾಲ್ಕು ಕೈ. ಉಪನ್ಯಾಸದಲ್ಲಿ ಇನ್ನೂ ಬಹಳ ವಿಷಯ ಬಂತು, ಅದರಲ್ಲಿ ಕೆಲವನ್ನು ಮುಂದೆ ಹೇಳುತ್ತೇನೆ. ಆದರೆ ತಾಲ್ಲೂಕಿನ ಮನೆ ಮನೆಯಲ್ಲಿ, ಅಂಗಡಿ ಅಂಗಡಿಯಲ್ಲಿ ಇರುವ ತಪ್ಪು ಇದೊಂದೇ ತರಹದ್ದು: ವಾರಕ್ಕೊಂದು ತೆಗೆದುಕೊಳ್ಳಬೇಕಾದ್ದು ದಿನಕ್ಕೊಂದಾಗುವುದು.

ಎಪ್ಪತ್ತೈದು ಪ್ಯಾಕೆಟ್

ಮೇಡಂ ತಾವು ನೋಡಿದ ಒಬ್ಬರ ಕಥೆ ಹೇಳಿದರು. ಹೆಸರು, ಊರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು ಅಂತಿಟ್ಟುಕೊಳ್ಳಿ. ಮಂಡಿ ನೋವು, ಸುಸ್ತು. ಪ್ಯಾಕೇಜ್ ರಕ್ತಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ 14 ಬಂದಿತ್ತು. ಅದು ಕಡಿಮೆಯೇ, ಅನುಮಾನ ಇಲ್ಲ. ವೈದ್ಯರು ಸರಿಯಾಗಿಯೇ ಬರೆದರು: 60,000 ಯೂನಿಟ್, ವಾರಕ್ಕೊಮ್ಮೆ, ಎಂಟು ವಾರ. ಜೊತೆಗೆ ದಿನಾ ಒಂದು ಕ್ಯಾಲ್ಸಿಯಂ ಮಾತ್ರೆ.

ತಪ್ಪಾಗಿದ್ದು ಚೀಟಿಯಿಂದ ಬಾಯಿಗೆ ಹೋಗುವ ದಾರಿಯಲ್ಲಿ. ವೈದ್ಯರು ದಿನಕ್ಕೊಮ್ಮೆ ಅನ್ನೋದಕ್ಕೆ 'ಓಡಿ' ಅಂತ ಬರೀತಾರೆ, ವಾರಕ್ಕೊಮ್ಮೆ ಅನ್ನೋದಕ್ಕೆ ಕೆಲವರು 'ಓಡಬ್ಲ್ಯೂ' ಅಂತ ಬರೀತಾರೆ. ಕೈಬರಹದಲ್ಲಿ ಒಂದಕ್ಕೊಂದು ವ್ಯತ್ಯಾಸ ಎಷ್ಟಿರುತ್ತೆ ಅಂತ ನಿಮಗೇ ಗೊತ್ತು. ಕ್ಯಾಲ್ಸಿಯಂ ಮಾತ್ರೆ ಕವರಿನ ಮೇಲೆ ಅಂಗಡಿಯವರು 'ರಾತ್ರಿ 1' ಅಂತ ಬರೆದರು. ಸ್ಯಾಶೆಯನ್ನೂ ಅದೇ ಕವರಿಗೆ ಹಾಕಿದರು. ಮನೆಯಲ್ಲಿ ಎರಡೂ ರಾತ್ರಿ ಒಂದೊಂದು ಆಯಿತು. ಎಂಟು ಪ್ಯಾಕೆಟ್ ಎಂಟು ದಿನದಲ್ಲಿ ಮುಗಿಯಿತು. ಮೇಷ್ಟ್ರಿಗೆ ಹಿತವೆನಿಸಿತು. ಖಾಲಿ ಪ್ಯಾಕೆಟ್ ತೋರಿಸಿ ಇನ್ನೂ ಹತ್ತು ತರಿಸಿಕೊಂಡರು. ಅದಾದ ಮೇಲೆ ಮತ್ತೆ ಹತ್ತು. ಕೌಂಟರ್‌ನಲ್ಲಿ ಒಂದೊಂದು ಸಲ ಒಬ್ಬೊಬ್ಬ ಹುಡುಗ. ವಿಟಮಿನ್ ತಾನೆ, ಯಾರೂ ಚೀಟಿ ಕೇಳಲಿಲ್ಲ.

ಎರಡೂವರೆ ತಿಂಗಳಲ್ಲಿ 75 ಪ್ಯಾಕೆಟ್.

ಇಲ್ಲಿ ಮೇಡಂ ಬೋರ್ಡಿನ ಮೇಲೆ ಲೆಕ್ಕ ಹಾಕಿದರು. ವ್ಯಾಪಾರಸ್ಥರು ಬಹಳ ಜನ ಇದ್ದ ಸಭೆ, ಎಲ್ಲರೂ ಬಾಯಲ್ಲೇ ಗುಣಿಸಿದರು. ವೈದ್ಯರು ಬರೆದಿದ್ದು ಎಂಟು ಪ್ಯಾಕೆಟ್, ಅಂದ್ರೆ 4 ಲಕ್ಷ 80 ಸಾವಿರ ಯೂನಿಟ್. ಮೇಷ್ಟ್ರ ಹೊಟ್ಟೆಗೆ ಹೋಗಿದ್ದು 45 ಲಕ್ಷ ಯೂನಿಟ್. ವಯಸ್ಸಾದವರಿಗೆ ದಿನಕ್ಕೆ ಬೇಕಾಗುವುದು ಸುಮಾರು 800 ಯೂನಿಟ್. ಹಾಗೆ ನೋಡಿದರೆ ಒಂದು ಪ್ಯಾಕೆಟ್ ಅಂದರೆ 75 ದಿನದ ಪಡಿ. ಎಪ್ಪತ್ತೈದು ಪ್ಯಾಕೆಟ್ ಅಂದರೆ ಹದಿನೈದು ವರ್ಷಕ್ಕೂ ಮೀರಿದ ಪಡಿ, ಎರಡೂವರೆ ತಿಂಗಳಲ್ಲಿ.

"ಅಷ್ಟು ವರ್ಷದ ರೇಷನ್ ಅಕ್ಕಿನ ಒಂದೇ ಸಲ ಮನೇಲಿ ತಂದಿಟ್ರೆ ಏನಾಗುತ್ತೆ?" ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು. "ಹುಳ ಬೀಳುತ್ತೆ" ಅಂತ ಇನ್ಯಾರೋ. ಮೇಡಂ ಹೇಳಿದ್ದು ಇಷ್ಟು: ಅಕ್ಕಿಯಾದರೆ ಮೂಟೆಯಲ್ಲಿ ಸುಮ್ಮನಿರುತ್ತೆ, ಇದು ಸುಮ್ಮನಿರಲ್ಲ.

ತೂಬಿನ ಬೀಗದ ಕೈ

ವಿಟಮಿನ್ ಡಿ ಮೂಳೆಗೆ ಶಕ್ತಿ ಕೊಡುತ್ತೆ ಅಂತ ನಾವು ತಿಳಿದಿದ್ದೇವೆ. ಅದು ನೇರವಾಗಿ ಮೂಳೆಗೆ ಅಂಟಿಕೊಳ್ಳುವ ಸಿಮೆಂಟಲ್ಲ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಬರಬೇಕಾದರೆ ಒಂದು ಬಾಗಿಲು ತೆರೆಯಬೇಕು, ಆ ಬಾಗಿಲು ತೆರೆಯುವ ಕೆಲಸ ಡಿ ಮಾಡುತ್ತದೆ. ಕೆರೆಯ ತೂಬಿಗೆ ಬೀಗದ ಕೈ ಇದ್ದ ಹಾಗೆ. ಕೈ ಇಲ್ಲದಿದ್ದರೆ ನೀರಿದ್ದೂ ಗದ್ದೆ ಒಣಗುತ್ತದೆ. ಹಾಗಂತ ತೂಬನ್ನು ಹಗಲೂ ರಾತ್ರಿ ಪೂರ್ತಿ ಎತ್ತಿಟ್ಟರೆ ಪೈರು ಕೊಚ್ಚಿಕೊಂಡು ಹೋಗುತ್ತೆ.

ಡಿ ವಿಪರೀತವಾದಾಗ ಕರುಳಿನಿಂದ ಕ್ಯಾಲ್ಸಿಯಂ ಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ. ಅಷ್ಟೇ ಅಲ್ಲ, ಮೂಳೆಯಲ್ಲಿರುವ ಕ್ಯಾಲ್ಸಿಯಂ ಕೂಡ ಕರಗಿ ರಕ್ತಕ್ಕೆ ಬರತೊಡಗುತ್ತದೆ. ಮೂಳೆ ಗಟ್ಟಿಯಾಗಲಿ ಅಂತ ತಗೊಂಡಿದ್ದು ಮೂಳೆಯನ್ನೇ ಸವೆಸುವುದಕ್ಕೆ ಶುರು ಮಾಡುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಎಂಟೂವರೆಯಿಂದ ಹತ್ತೂವರೆ ಒಳಗೆ ಇರಬೇಕು. ಹನ್ನೆರಡು ದಾಟಿದರೆ ಮನುಷ್ಯ ಕುಗ್ಗುತ್ತಾನೆ. ಹದಿನಾಲ್ಕರ ಹತ್ತಿರ ಬಂದರೆ ಆಸ್ಪತ್ರೆಗೆ ಸೇರಿಸಬೇಕಾದ ತುರ್ತು.

ಮೇಷ್ಟ್ರಿಗೆ ಏನಾಯಿತು ಅಂತ ನೋಡಿ. ಮೊದಲು ಊಟ ಸೇರಲಿಲ್ಲ. ಆಮೇಲೆ ಮಲಬದ್ಧತೆ. ಬಾಯಿ ಒಣಗುವುದು, ಲೋಟ ಲೋಟ ನೀರು, ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುವುದು. ಮನೆಯವರು ಸಕ್ಕರೆ ಕಾಯಿಲೆ ಇರಬೇಕು ಅಂದುಕೊಂಡು ಶುಗರ್ ನೋಡಿಸಿದರು. ಸರಿಯಾಗಿತ್ತು. ಹಾಗಾದರೆ ಪ್ರೊಸ್ಟೇಟ್ ಇರಬಹುದು ಅಂತ ಒಬ್ಬರು ಅಂದರು. ಹೊಟ್ಟೆ ತೊಳೆಸುವುದು, ವಾಂತಿ ಶುರುವಾದಾಗ ಗ್ಯಾಸ್ಟ್ರಿಕ್ ಅಂತ ಅಂಗಡಿಯಿಂದ ಚಪ್ಪರಿಸುವ ಆಂಟಾಸಿಡ್ ಮಾತ್ರೆ ತಂದುಕೊಟ್ಟರು. ಅಂಥ ಕೆಲವು ಮಾತ್ರೆಯಲ್ಲಿ ಇರುವುದೂ ಕ್ಯಾಲ್ಸಿಯಮ್ಮೇ. ಸುಸ್ತು ಹೆಚ್ಚಾದಷ್ಟೂ ಮನೆಯವರು 'ಅಪ್ಪಾ, ಆ ಶಕ್ತಿ ಪುಡಿ ಕುಡಿದ್ರಾ?' ಅಂತ ನೆನಪಿಸುತ್ತಿದ್ದರು. ಕೊನೆಗೆ ಮೇಷ್ಟ್ರು ಮೊಮ್ಮಗನ ಹೆಸರು ತಪ್ಪಿ ಕರೆಯಲು ಶುರು ಮಾಡಿದರು, ಹಗಲೆಲ್ಲ ಮಂಪರು. ಆಗ ಎಲ್ಲರೂ ಅಂದುಕೊಂಡಿದ್ದು ಒಂದೇ: ವಯಸ್ಸಾಯ್ತು, ಅರಳು ಮರಳು.

ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿದಾಗ ಕ್ಯಾಲ್ಸಿಯಂ ಹದಿಮೂರು ದಾಟಿತ್ತು. ಕ್ರಿಯಾಟಿನಿನ್ ಮೂರರ ಹತ್ತಿರ, ಅಂದರೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ವಿಟಮಿನ್ ಡಿ ಮಟ್ಟ ಲ್ಯಾಬಿನ ಯಂತ್ರದ ಮಿತಿಯಾದ 150ನ್ನೇ ದಾಟಿತ್ತು. 150ರ ಮೇಲೆ ಹೋದರೆ ಅದನ್ನು ವಿಷ ಅಂತಲೇ ಕರೆಯುತ್ತಾರೆ.

ಕಾಯಿಲೆಯ ಎಲ್ಲಾ ಲಕ್ಷಣಕ್ಕೂ ಮೂಲ ಅದೊಂದೇ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಕಿಡ್ನಿಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗುತ್ತೆ, ಅದಕ್ಕೇ ಮೂತ್ರ, ಅದಕ್ಕೇ ಬಾಯಾರಿಕೆ. ಕರುಳಿನ ಚಲನೆ ನಿಧಾನವಾಗುತ್ತೆ, ಅದಕ್ಕೆ ಮಲಬದ್ಧತೆ. ಮೆದುಳು ಮಂದವಾಗುತ್ತೆ, ಅದಕ್ಕೆ ಮಂಪರು. ವಾಂತಿಯಿಂದ ನೀರು ಇನ್ನೂ ಕಡಿಮೆಯಾಗಿ ಕಿಡ್ನಿಗೆ ಇನ್ನಷ್ಟು ತೊಂದರೆ. ಒಂದೊಂದನ್ನೇ ಬಿಡಿಬಿಡಿಯಾಗಿ ನೋಡಿದರೆ ಎಪ್ಪತ್ತು ದಾಟಿದ ಯಾರ ಮನೆಯಲ್ಲೂ ಇರುವ ದೂರುಗಳೇ. ಇದೇ ಈ ತೊಂದರೆಯ ಮೋಸ. ಹೊಸದಾಗಿ ಬಂದ ಬಾಯಾರಿಕೆ, ಮಲಬದ್ಧತೆ, ಹಸಿವಿಲ್ಲದಿರುವುದು, ಮಂಪರು ಈ ನಾಲ್ಕೂ ಒಟ್ಟಿಗೆ ಬಂದು, ಮನೆಯಲ್ಲಿ ಡಿ ಅಥವಾ ಕ್ಯಾಲ್ಸಿಯಂ ನಡೀತಿದೆ ಅಂದರೆ ಶುಗರ್ ಜೊತೆಗೆ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ನೋಡಿಸಬೇಕು ಅನ್ನುವುದು ಮೇಡಂ ಮಾತು. ಖಾಲಿ ಪ್ಯಾಕೆಟ್, ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ್ ಮುಂದೆ ಇಡಿ ಅಂದರು. ಯಾಕೆಂದರೆ 'ಏನು ಮಾತ್ರೆ ತಗೋತೀರಿ?' ಅಂತ ಕೇಳಿದಾಗ ಬಿ.ಪಿ., ಶುಗರ್ ಮಾತ್ರೆ ಹೆಸರು ಹೇಳ್ತೀವಿ, ವಿಟಮಿನ್ ಹೇಳಲ್ಲ. ಅದನ್ನು ನಾವು ಔಷಧಿ ಅಂತಲೇ ಎಣಿಸುವುದಿಲ್ಲ.

ಮೇಷ್ಟ್ರು ಬದುಕಿದರು. ಡಿ, ಕ್ಯಾಲ್ಸಿಯಂ ಎರಡೂ ನಿಲ್ಲಿಸಿ, ಡ್ರಿಪ್ ಹಾಕಿ, ಸ್ಟೀರಾಯ್ಡ್ ಕೊಟ್ಟು ಕ್ಯಾಲ್ಸಿಯಂ ಇಳಿಸಿದರು. ಆದರೆ ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್. ಮೈಯ ಕೊಬ್ಬಿನಲ್ಲಿ ಕೂಡಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ. ಹಾಗಾಗಿ ನಿಲ್ಲಿಸಿದ ಮಾರನೇ ದಿನ ಸರಿಹೋಗುವ ವಿಷಯ ಅಲ್ಲ. ಮಟ್ಟ ಇಳಿಯಲು ತಿಂಗಳುಗಳೇ ಹಿಡಿದವು. ಕಿಡ್ನಿ ಮೊದಲಿನ ಸ್ಥಿತಿಗೆ ಪೂರ್ತಿ ಬರಲಿಲ್ಲ.

ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಥಯಾಜೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಅಪಾಯ ಇನ್ನೂ ಬೇಗ ಬರುತ್ತದೆ. ಆ ಮಾತ್ರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುವುದನ್ನು ಕಡಿಮೆ ಮಾಡುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಕ್ಯಾಲ್ಸಿಯಂ ಏರಿದರೆ ಬಡಿತವೇ ತಪ್ಪಬಹುದು.

'ಲೋ' ಅಂತ ದಪ್ಪಕ್ಷರದಲ್ಲಿ ಬಂದಿತ್ತು

ಇಷ್ಟೆಲ್ಲ ಪ್ಯಾಕೆಟ್ ನಮ್ಮ ಮನೆಗಳಿಗೆ ಬಂದಿದ್ದು ಹೇಗೆ? ಅದಕ್ಕೆ ಈಚಿನ ವರ್ಷಗಳ ಪ್ಯಾಕೇಜ್ ಪರೀಕ್ಷೆಗಳನ್ನು ನೋಡಬೇಕು. ಇಡೀ ದೇಹದ ತಪಾಸಣೆ, ರಿಯಾಯಿತಿ ದರ, ಮನೆಗೇ ಬಂದು ರಕ್ತ ತಗೋತಾರೆ. ಅದರಲ್ಲಿ ಡಿ ಸೇರಿರುತ್ತದೆ. ವರದಿಯಲ್ಲಿ 30ಕ್ಕಿಂತ ಕಡಿಮೆ ಇದ್ದರೆ ಕೆಂಪಕ್ಷರದಲ್ಲಿ 'ಲೋ' ಅಂತ ಬರುತ್ತದೆ. 24 ಬಂದವರೂ ಗಾಬರಿ, 14 ಬಂದವರೂ ಗಾಬರಿ.

ಆದರೆ ಈ 30 ಅನ್ನೋ ಗೆರೆಯೇ ತಜ್ಞರ ನಡುವೆ ಜಗಳದ ವಿಷಯ. ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 2011ರಲ್ಲೇ, 20 ಇದ್ದರೆ ಬಹುಪಾಲು ಜನರ ಮೂಳೆಗೆ ಸಾಕು ಎಂದಿತ್ತು. 30 ಬೇಕು ಅಂತ ಆಗ ಹೇಳಿದ್ದು ಹಾರ್ಮೋನ್ ತಜ್ಞರ ಎಂಡೋಕ್ರೈನ್ ಸೊಸೈಟಿ. ಅದೇ ಸೊಸೈಟಿ 2024ರಲ್ಲಿ ತನ್ನ ಮಾತು ಬದಲಿಸಿತು. ಆ ಗೆರೆಯನ್ನು ಕೈಬಿಟ್ಟಿತು, ಆರೋಗ್ಯವಾಗಿರುವ ಎಲ್ಲರಿಗೂ ಡಿ ಪರೀಕ್ಷೆ ಮಾಡಿಸುವ ಅಗತ್ಯ ಇಲ್ಲ ಅಂತಲೂ ಹೇಳಿತು. ಲ್ಯಾಬ್ ವರದಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗೆ ಕಾಣುವುದಿಲ್ಲ.

ಹಾಗಂತ ಹಿರಿಯರಿಗೆ ಡಿ ಬೇಡವೇ ಬೇಡ ಅಂತ ಯಾರೂ ಹೇಳುತ್ತಿಲ್ಲ. ಅದೇ ಸೊಸೈಟಿ 75 ದಾಟಿದವರಿಗೆ ಪರೀಕ್ಷೆ ಇಲ್ಲದೆಯೂ ಡಿ ಕೊಡಬಹುದು ಎಂದಿದೆ. ಆದರೆ 50 ದಾಟಿದವರಿಗೆ ಕೊಡುವಾಗ ದೊಡ್ಡ ಡೋಸನ್ನು ಅಪರೂಪಕ್ಕೆ ಕೊಡುವುದಕ್ಕಿಂತ, ಸಣ್ಣ ಡೋಸನ್ನು ದಿನಾ ಕೊಡುವುದು ಮೇಲು ಅಂತಲೂ ಸೇರಿಸಿದೆ. ನಮ್ಮಲ್ಲಿ ನಡೆಯುತ್ತಿರುವುದು ಎರಡರ ಕೆಟ್ಟ ಜೋಡಿ: ದೊಡ್ಡ ಡೋಸು, ದಿನಾ.

ದೊಡ್ಡ ಡೋಸಿನ ವಿಷಯದಲ್ಲಿ ಮೇಡಂ ಹೇಳಿದ ಒಂದು ಅಧ್ಯಯನ ನನಗೆ ಬಹಳ ಹೊತ್ತು ತಲೆಯಲ್ಲಿ ಉಳಿಯಿತು. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಡಿ ಕೊಟ್ಟರು. ಇನ್ನೊಂದು ಗುಂಪಿಗೆ ಏನೂ ಇಲ್ಲದ ಸುಳ್ಳು ಮಾತ್ರೆ. ಬೀಳುವುದು, ಮೂಳೆ ಮುರಿಯುವುದು ಕಡಿಮೆಯಾಗಲಿ ಅಂತ. ಫಲಿತಾಂಶ 2010ರಲ್ಲಿ ಬಂತು. ಡಿ ತೆಗೆದುಕೊಂಡವರಲ್ಲಿ ಬೀಳುವುದು ಶೇ. 15ರಷ್ಟು, ಮೂಳೆ ಮುರಿತ ಶೇ. 26ರಷ್ಟು ಹೆಚ್ಚಾಗಿತ್ತು. ಡೋಸ್ ತಗೊಂಡ ಮೊದಲ ಮೂರು ತಿಂಗಳಲ್ಲೇ ಬೀಳುವುದು ಅತಿ ಹೆಚ್ಚು. ವಾರಕ್ಕೊಂದು 60 ಸಾವಿರ ತೆಗೆದುಕೊಳ್ಳುವವರಿಗೆ ಇದೇ ಆಗುತ್ತದೆ ಅಂತ ಅರ್ಥವಲ್ಲ, ಕೊರತೆ ಇದ್ದವರಿಗೆ ಎಂಟು ವಾರದ ಕೋರ್ಸ್ ಬೇಕಾಗುತ್ತದೆ. ಕೋರ್ಸು ಮುಗಿದ ಮೇಲೂ 'ಇನ್ನೊಂದೆರಡು ತಿಂಗಳು ಇರಲಿ, ಏನಾಗುತ್ತೆ' ಅನ್ನುವವರಿಗೆ ಇದು ಉತ್ತರ.

"ಹೆಚ್ಚಾದ್ರೆ ಮೂತ್ರದಲ್ಲಿ ಹೋಗುತ್ತಲ್ವಾ?"

ಪ್ರಶ್ನೋತ್ತರದಲ್ಲಿ ಬಟ್ಟೆ ಅಂಗಡಿಯ ಹಿರಿಯರೊಬ್ಬರು ಎದ್ದು ಕೇಳಿದರು: "ಅಮ್ಮಾ, ಡಿ ವಿಷಯ ಒಪ್ಪಿಕೊಂಡೆ. ನಾನು ತಗೊಳ್ಳೋದು ಬಿ ಕಾಂಪ್ಲೆಕ್ಸು. ಅದು ನೀರಲ್ಲಿ ಕರಗೋದು. ಬೇಕಾದಷ್ಟು ಇಟ್ಕೊಂಡು ಮಿಕ್ಕಿದ್ದು ಹಳದಿ ಆಗಿ ಹೊರಗೆ ಹೋಗುತ್ತೆ. ಕಣ್ಣಾರೆ ನೋಡ್ತೀನಲ್ಲ."

ಸಭೆ ನಕ್ಕಿತು. ಮೇಡಮ್ಮೂ ನಕ್ಕರು. "ಹಳದಿ ಆಗೋದು ಬಿ2 ಸಾರ್, ಅದು ನಿಜ, ದುಡ್ಡು ಹೋಗೋ ಬಣ್ಣ ಅದು. ಆದರೆ ಎಲ್ಲಾ ಬಿ ಒಂದೇ ಥರ ಅಲ್ಲ. ನಿಮಗೆ ಅಂಗಾಲು ಜೋಮು ಹಿಡಿಯುತ್ತಾ?"

"ಅದಕ್ಕೇ ತಾನೆ ತಗೊಳ್ಳೋದು" ಅಂದರು ಅವರು.

ಇಲ್ಲೇ ಇರುವುದು ವಿಚಿತ್ರ. ಕಾಲು ಜೋಮಿಗೆ, ನರ ದೌರ್ಬಲ್ಯಕ್ಕೆ ಅಂತ ಮಾರುವ ಹಲವು ಮಾತ್ರೆಗಳಲ್ಲಿ ಬಿ6, ಅಂದರೆ ಪಿರಿಡಾಕ್ಸಿನ್ ಇರುತ್ತದೆ. ನಮಗೆ ದಿನಕ್ಕೆ ಬೇಕಾಗುವುದು ಎರಡು ಮಿಲಿಗ್ರಾಂ ಸುತ್ತಮುತ್ತ. ಬಾಳೆಹಣ್ಣು, ಕಾಳು, ಆಲೂಗಡ್ಡೆಯಲ್ಲೇ ಸಿಗುತ್ತದೆ. ಸಾದಾ ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಕೆಲವು ಮಿಲಿಗ್ರಾಂ ಇದ್ದರೆ, ನರದ ಮಾತ್ರೆ ಅಂತ ಬರುವ ಕೆಲವದರಲ್ಲಿ 100 ಮಿಲಿಗ್ರಾಂ ಇರುತ್ತದೆ. ಬಿ6 ತಿಂಗಳುಗಟ್ಟಲೆ ಅತಿಯಾದರೆ ಸ್ಪರ್ಶ ತಿಳಿಸುವ ನರಗಳೇ ಹಾಳಾಗುತ್ತವೆ. 1983ರಲ್ಲೇ ಅಮೆರಿಕದ ವೈದ್ಯರು ದಿನಕ್ಕೆ 2ರಿಂದ 6 ಗ್ರಾಂ ತೆಗೆದುಕೊಳ್ಳುತ್ತಿದ್ದ ಏಳು ಜನರ ಬಗ್ಗೆ ಬರೆದಿದ್ದರು. ಅಂಗಾಲು ಮರಗಟ್ಟಿ, ಕತ್ತಲಲ್ಲಿ ನಡೆಯಲು ಆಗದ ಸ್ಥಿತಿ. ಅದು ಬಹಳ ದೊಡ್ಡ ಪ್ರಮಾಣ. ಆಮೇಲೆ ಇನ್ನೂ ಕಡಿಮೆ ಪ್ರಮಾಣದಲ್ಲೂ ತೊಂದರೆ ಕಂಡುಬಂದ ಮೇಲೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದಿನದ ಮೇಲಿನ ಮಿತಿಯನ್ನು 12 ಮಿಲಿಗ್ರಾಮಿಗೆ ಇಳಿಸಿತು.

ಅಂದರೆ ಜೋಮಿಗೆ ಮಾತ್ರೆ, ಮಾತ್ರೆಯಿಂದ ಜೋಮು, ಜೋಮು ಹೆಚ್ಚಾಯಿತು ಅಂತ ಇನ್ನೊಂದು ಮಾತ್ರೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡವರಿಗೆ ಹೊರಗಿನಿಂದ ಯಾರಾದರೂ ಹೇಳದೆ ಗೊತ್ತಾಗುವುದೇ ಇಲ್ಲ.

ಇದರ ಪಕ್ಕದಲ್ಲೇ ಬಿ12 ಇದೆ, ಅದರ ಕಥೆ ಉಲ್ಟಾ. ಮಾಂಸ, ಮೊಟ್ಟೆ ತಿನ್ನದವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರು, ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ ನುಂಗುವವರು, ಇವರಿಗೆ ಬಿ12 ಕೊರತೆ ನಿಜವಾಗಿಯೂ ಬರುತ್ತದೆ. ನಮ್ಮ ಸಂಘದಲ್ಲಿ ಈ ಮೂರೂ ಸೇರಿದವರೇ ಎಷ್ಟು ಜನ ಇದ್ದಾರೋ! ಅವರಿಗೆ ಬಿ12 ಪರೀಕ್ಷೆ, ಬೇಕಾದರೆ ಇಂಜೆಕ್ಷನ್ನು ಅಥವಾ ಮಾತ್ರೆ ಬೇಕೇ ಬೇಕು. ಬಿ12 ನೋಡಿಸದೆ ಬರೀ ಫೋಲಿಕ್ ಆಸಿಡ್ ನುಂಗುತ್ತಿದ್ದರೆ ರಕ್ತಹೀನತೆ ಸರಿಯಾದ ಹಾಗೆ ಕಾಣುತ್ತೆ, ಒಳಗೆ ನರ ಕೆಡುತ್ತಲೇ ಇರುತ್ತದೆ. ಹಾಗಾಗಿ ಜೋಮು ಇರುವವರು ಅಂಗಡಿಗೆ ಹೋಗಿ 'ಒಂದು ನರದ ಮಾತ್ರೆ ಕೊಡಪ್ಪಾ' ಅನ್ನುವ ಬದಲು, ಶುಗರ್ ಮತ್ತು ಬಿ12 ಎರಡೂ ನೋಡಿಸಿಕೊಂಡು, ಈಗಾಗಲೇ ತಿನ್ನುತ್ತಿರುವ ಮಾತ್ರೆಯ ಹಿಂಭಾಗದಲ್ಲಿ ಪಿರಿಡಾಕ್ಸಿನ್ ಎಷ್ಟಿದೆ ಅಂತ ಓದಿಸಿಕೊಳ್ಳಬೇಕು.

ಬೀಡಿ, ಸಿಗರೇಟು ಸೇದುವವರಿಗೆ ಮೇಡಂ ಬೇರೆಯಾಗಿ ಒಂದು ಮಾತು ಹೇಳಿದರು. ಕ್ಯಾರೆಟ್, ಸೊಪ್ಪು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಕಂಡಿದ್ದರಿಂದ, ಅದರಲ್ಲಿರುವ ಬೀಟಾ ಕ್ಯಾರೋಟಿನ್ ಅನ್ನು ಮಾತ್ರೆಯಾಗಿ ಕೊಟ್ಟು ನೋಡಿದರು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರ ಗಂಡಸರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಿಂದವರಲ್ಲಿ ಕ್ಯಾನ್ಸರ್ ಶೇ. 18 ಹೆಚ್ಚಾಗಿತ್ತು. ಅಮೆರಿಕದಲ್ಲಿ ಇದೇ ತರಹದ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಕ್ಯಾರೆಟ್ ತಿಂದು ಯಾರಿಗೂ ಹೀಗಾಗಿಲ್ಲ, ನುಗ್ಗೆಸೊಪ್ಪಿಗೆ ಹೆದರಬೇಕಾಗಿಲ್ಲ. ಆದರೆ ಕಣ್ಣಿನ ಪೊರೆಗೆ, ದೃಷ್ಟಿಗೆ ಅಂತ ಬರುವ ಕೆಲವು ಮಾತ್ರೆಗಳಲ್ಲಿ ಬೀಟಾ ಕ್ಯಾರೋಟಿನ್ ಇರುತ್ತದೆ. ಸೇದುವವರು, ಸೇದಿ ಬಿಟ್ಟವರು ಕಣ್ಣಿನ ಡಾಕ್ಟರಿಗೆ ಅದನ್ನು ಮೊದಲೇ ಹೇಳಬೇಕು. ಅದಿಲ್ಲದ ಮಾತ್ರೆಯೂ ಸಿಗುತ್ತದೆ.

ಕೌಂಟರ್‌ನ ಆಚೆ ಈಚೆ

ಇನ್ನು ನಮ್ಮ ಓದುಗರಲ್ಲಿ ಬಹಳ ಜನ ಅಂಗಡಿಯವರು. ಮೆಡಿಕಲ್ ಶಾಪಿನವರೂ ಇದ್ದೀರಿ, ಪುಡಿ ಡಬ್ಬಿ, ಗಮ್ಮಿ ಮಾರುವ ದಿನಸಿ ಅಂಗಡಿಯವರೂ ಇದ್ದೀರಿ. ಮೇಷ್ಟ್ರ ವಿಷಯದಲ್ಲಿ ಅಂಗಡಿಯವರನ್ನು ಬೈದು ಮುಗಿಸುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಸಂಜೆ ಆರರಿಂದ ಒಂಬತ್ತರವರೆಗೆ ಕೌಂಟರ್ ಮುಂದೆ ನಿಂತವರಿಗೆ ಗೊತ್ತು ಅಲ್ಲಿ ಎಷ್ಟು ಗದ್ದಲ ಅಂತ. ಚೀಟಿ ಬರೆದವರ ಅಕ್ಷರ, ಕವರಿಗೆ ತುಂಬಿದ ಹುಡುಗನ ಅವಸರ, ಮನೆಯವರ ನಂಬಿಕೆ, ಮೂರೂ ಸೇರಿ ಆದ ತಪ್ಪು ಅದು.

ಆದರೆ ಮೂರರಲ್ಲಿ ಒಂದು ಕಡೆ ತಡೆದಿದ್ದರೂ ಸಾಕಿತ್ತು. ಡಿ 60,000 ಕೊಡುವಾಗ ಬೇರೆ ಕವರು, ಅದರ ಮೇಲೆ ಕನ್ನಡದಲ್ಲಿ 'ವಾರಕ್ಕೆ 1, ಭಾನುವಾರ ಮಾತ್ರ' ಅಂತ ಪೆನ್ನಿನಲ್ಲಿ ಬರೆದುಬಿಟ್ಟರೆ ಅರ್ಧ ನಿಮಿಷದ ಕೆಲಸ. ಕ್ಯಾಪ್ಸೂಲು ನಾಲ್ಕರ ಸ್ಟ್ರಿಪ್‌ನಲ್ಲಿ ಬರುತ್ತದೆ, ಅದು ನಾಲ್ಕು ದಿನದ್ದಲ್ಲ, ಒಂದು ತಿಂಗಳದ್ದು. ಅದನ್ನು ಬಾಯಲ್ಲೂ ಹೇಳಬೇಕು. ಎಂಟು ತೆಗೆದುಕೊಂಡು ಹೋದವರು ಹತ್ತು ದಿನದಲ್ಲಿ ಖಾಲಿ ಪ್ಯಾಕೆಟ್ ಹಿಡಿದುಕೊಂಡು ಬಂದರೆ ಅದು ವ್ಯಾಪಾರ ಅಲ್ಲ, ಏನೋ ತಪ್ಪಾಗಿದೆ ಅನ್ನುವ ಸೂಚನೆ. ಆ ಹೊತ್ತಿನಲ್ಲಿ 'ಯಜಮಾನ್ರೇ, ಇದನ್ನ ಹೇಗೆ ತಗೋತಿದೀರಿ?' ಅಂತ ಒಂದು ಮಾತು ಕೇಳಿದರೆ ಸಾಕು.

ಡಬ್ಬಿ ಮಾರುವವರಿಗೂ ಒಂದು ವಿಷಯ. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿಯಲ್ಲಿ ಬರುವ ಹೆಲ್ತ್ ಸಪ್ಲಿಮೆಂಟ್ ಡಬ್ಬಿಯ ಮೇಲೆ, ಇದು ಔಷಧಿಯಾಗಿ ಬಳಸಲು ಅಲ್ಲ ಎಂಬ ಸಾಲು ಇಂಗ್ಲಿಷಿನಲ್ಲಿ ಇರಲೇಬೇಕು. ಹೇಳಿದ ಪ್ರಮಾಣ ಮೀರಬಾರದು ಅನ್ನುವ ಎಚ್ಚರಿಕೆಯೂ ಇರಬೇಕು. ಸಭೆಯಲ್ಲಿ ಭೂತಗನ್ನಡಿ ಹಿಡಿದು ಹುಡುಕಿದೆವು. ಇತ್ತು, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. 'ಮಂಡಿ ನೋವು ಮಾಯ' ಅಂತ ಮಾರಿದವರು ಹೇಳಿದ್ದು ಮಾತ್ರ ಡಬ್ಬಿಯ ಮೇಲೆ ಎಲ್ಲೂ ಇರಲಿಲ್ಲ.

ಮನೆಯವರು ಮಾಡಬೇಕಾದ ಲೆಕ್ಕವನ್ನು ಅಲ್ಲೇ ಒಬ್ಬ ಅಜ್ಜಿಯ ಚೀಲ ಬಿಚ್ಚಿ ತೋರಿಸಿದರು. ಕ್ಯಾಲ್ಸಿಯಂ ಮಾತ್ರೆಯಲ್ಲಿ ಡಿ 500. ಮಗಳು ಕಳಿಸಿದ ಮಲ್ಟಿವಿಟಮಿನ್‌ನಲ್ಲಿ 1,000. ವಿದೇಶದ ಇನ್ನೊಂದು ಸಣ್ಣ ಡಬ್ಬಿ, ದಿನಕ್ಕೊಂದು, 5,000. ಮೇಲೆ ವಾರಕ್ಕೊಂದು ಸ್ಯಾಶೆ, ಅದನ್ನು ಏಳರಿಂದ ಭಾಗಿಸಿದರೆ ದಿನಕ್ಕೆ 8,571. ಒಟ್ಟು ದಿನಕ್ಕೆ 15 ಸಾವಿರ ದಾಟಿತು. ವೈದ್ಯರ ನಿಗಾ ಇಲ್ಲದೆ ದಿನಾ ದಾಟಬಾರದ ಮೇಲಿನ ಗೆರೆ 4,000. ಅಜ್ಜಿ ಯಾವುದನ್ನೂ ತಪ್ಪಾಗಿ ತೆಗೆದುಕೊಂಡಿರಲಿಲ್ಲ. ಒಂದೊಂದೂ ಡಬ್ಬಿಯ ಮೇಲೆ ಬರೆದ ಹಾಗೇ. ಯಾರೂ ಕೂಡಿಸಿರಲಿಲ್ಲ, ಅಷ್ಟೇ.

"ಹಾಗಾದ್ರೆ ಯಾವುದು ಬಿಡಲಮ್ಮ?" ಅಂದರು ಅಜ್ಜಿ.

"ನಾನು ಡಾಕ್ಟರಲ್ಲ ಅಜ್ಜಿ, ಬರೆದವರನ್ನೇ ಕೇಳಿ. ಬರೆಯದೇ ಇದ್ದಿದ್ದನ್ನ ಮಾತ್ರ ಇವತ್ತೇ ಪಕ್ಕಕ್ಕಿಡಿ" ಅಂತ ಮೇಡಂ ಎರಡು ಡಬ್ಬಿ ಎತ್ತಿ ಬೇರೆ ಇಟ್ಟರು. ಊಟದ ಬಗ್ಗೆ ಅಜ್ಜಿಯನ್ನು ವಿಚಾರಿಸಿದರು. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆ, ಎರಡು ಹೊತ್ತು ಮಜ್ಜಿಗೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಹಾಲು ಮೊಸರು ಸೇರಿದರೆ ದಿನದ ಅಗತ್ಯದಲ್ಲಿ ದೊಡ್ಡ ಪಾಲು ಅಲ್ಲಿಯೇ ಬಂತು. ಡಿ ಮಾತ್ರ ನಮ್ಮ ಊಟದಲ್ಲಿ ಹೆಚ್ಚು ಸಿಗುವುದಿಲ್ಲ, ಅದಕ್ಕೆ ಬಿಸಿಲೇ ಬೇಕು. ಅಜ್ಜಿ ದಿನಾ ಮಹಡಿ ಮೇಲೆ ಹಪ್ಪಳ ಸಂಡಿಗೆ ಕಾಯುತ್ತಾ ಕೂರುವವರು ಅಂತ ಪಕ್ಕದಲ್ಲಿದ್ದವರು ಹೇಳಿದರು.

ದಿನಾ ಕೈ ಎತ್ತಿದ್ದ ನಾಲ್ವರನ್ನು ಕಾರ್ಯಕ್ರಮ ಮುಗಿದ ಮೇಲೆ ಮೇಡಂ ಬೇರೆ ಕೂರಿಸಿಕೊಂಡು ಎಷ್ಟು ದಿನದಿಂದ, ಎಷ್ಟು ಪ್ಯಾಕೆಟ್ ಅಂತ ಬರೆದುಕೊಂಡರು. ಒಬ್ಬರದು ಐದು ದಿನ, ಅವರಿಗೆ ನಿಲ್ಲಿಸಿ ತಮ್ಮ ವೈದ್ಯರಿಗೆ ತಿಳಿಸಲು ಹೇಳಿದರು. ಒಬ್ಬರದು ಆರು ವಾರ. ಅವರಿಗೆ ಮಾರನೇ ದಿನವೇ ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸಲು ಚೀಟಿಯಲ್ಲಿ ಬರೆದುಕೊಟ್ಟರು. ಸೋಮವಾರ ಬೆಳಿಗ್ಗೆ ಅವರ ಮಗ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಲ್ಯಾಬಿನ ಕಡೆ ಹೋಗುವುದನ್ನು ಬಸ್ ನಿಲ್ದಾಣದ ಹತ್ತಿರ ನಾನೇ ನೋಡಿದೆ. ಹ್ಯಾಂಡಲ್‌ಗೆ ಒಂದು ಕೈಚೀಲ ನೇತುಹಾಕಿತ್ತು, ಒಳಗಿನ ಡಬ್ಬಿಗಳು ಗಡಗಡ ಅನ್ನುತ್ತಿದ್ದವು.